ನಾಲ್ಕನೇ ಅಂಕಿ ಹೇಳುವ ಮುನ್ನ

ಒಳ್ಳೆಯ ಕೆಲಸಗಾರ ರಾಜೀನಾಮೆ ಕೊಟ್ಟಾಗ ಮಾಲೀಕರು ಸಂಬಳ ಏರಿಸಿ ಉಳಿಸಿಕೊಳ್ಳಲು ನೋಡುವುದು ಹೊಸದೇನಲ್ಲ. ಆದರೆ ಈಚೆಗೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮಾಲೀಕರು ಏರಿಸಿದ ಸುದ್ದಿ ಹೊಸ ಕಂಪನಿಗೆ ಮುಟ್ಟುತ್ತದೆ, ಅವರು ಇನ್ನೂ ಏರಿಸುತ್ತಾರೆ. ಈಗ ಹುಡುಗ ಮತ್ತೆ ಮಾಲೀಕರ ಮೇಜಿನ ಮುಂದೆ ಬಂದು ನಿಂತಿದ್ದಾನೆ. ಮೊದಲ ಅಂಕಿ ಹೊಸ ಕಂಪನಿಯದು, ಎರಡನೆಯದು ಮಾಲೀಕರದು, ಮೂರನೆಯದು ಮತ್ತೆ ಹೊಸ ಕಂಪನಿಯದು. ನಾಲ್ಕನೆಯದನ್ನು ಹೇಳಬೇಕೋ ಬೇಡವೋ ಎನ್ನುವ ಹೊತ್ತಿನಲ್ಲಿ ಹೆಚ್ಚಿನವರು ಲೆಕ್ಕಕ್ಕಿಂತ ಅಭಿಮಾನಕ್ಕೆ ಕಿವಿಗೊಡುತ್ತಾರೆ. ಆ ಹೊತ್ತಿನಲ್ಲಿ ಏನು ನೋಡಬೇಕು, ಏನು ಕೇಳಬೇಕು, ಯಾವ ಉತ್ತರ ಕೊಡಬೇಕು ಎನ್ನುವುದೇ ಈ ಬರಹ.

ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳಲು ಎಚ್‌ಆರ್ ವಿಭಾಗವಿದೆ. ಇಪ್ಪತ್ತು ಮೂವತ್ತು ಜನರ ಕಾರ್ಖಾನೆಯಲ್ಲಿ ಮಾಲೀಕರೇ ಎಲ್ಲ. ಹಾಗಾಗಿ ಉದಾಹರಣೆಗೆ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಮಷಿನ್ ಶಾಪ್ ತೆಗೆದುಕೊಳ್ಳುತ್ತೇನೆ. ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು, ಆದರೆ ಅಂಥ ಶಾಪುಗಳಲ್ಲಿ ಓಡಾಡಿದವರಿಗೆ ಅಪರಿಚಿತ ಅನಿಸಲಾರವು.

ಮೂರು ವಿಎಂಸಿ ಮಷಿನ್‌ಗಳಿರುವ ಶಾಪ್. ವಿಎಂಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕಡಿಯುವ ಯಂತ್ರ. ಅದರ ಗುಂಡಿ ಒತ್ತಿ ಜಾಬ್ ತೆಗೆದು ಹಾಕುವ ಆಪರೇಟರ್ ಸುಲಭವಾಗಿ ಸಿಗುತ್ತಾನೆ. ಡ್ರಾಯಿಂಗ್ ನೋಡಿ ಪ್ರೋಗ್ರಾಂ ಬರೆದು, ಫಿಕ್ಸ್ಚರ್ ಕೂರಿಸಿ, ಟೂಲ್ ಆಫ್‌ಸೆಟ್ ಹಿಡಿದು, ಮೊದಲ ಪೀಸನ್ನು ಅಳತೆಗೆ ತಂದು ಕೊಡುವ ಸೆಟರ್ ಸಿಗುವುದು ಕಷ್ಟ. ಈ ಶಾಪಿನ ಮುಖ್ಯ ಸೆಟರ್ ಎಂಟು ವರ್ಷದಿಂದ ಇದ್ದಾನೆ. ಸಂಬಳ 38,000, ಅದರಲ್ಲಿ ಬೇಸಿಕ್ ಮತ್ತು ಡಿಎ ಸೇರಿ ಅರ್ಧ. ಅವನ ಕೆಳಗೆ ಇನ್ನಿಬ್ಬರು ಸೆಟರ್‌ಗಳು, ಒಬ್ಬನಿಗೆ 33,000, ಇನ್ನೊಬ್ಬನಿಗೆ 31,000. ಒಂದು ದಿನ ಶಿಫ್ಟ್ ಮುಗಿದ ಮೇಲೆ ಅವನು ಒಳಗೆ ಬಂದು, “ಸಾರ್, ಏರೋಸ್ಪೇಸ್ ಪಾರ್ಕ್ ಕಡೆ ಕೆಲ್ಸ ಸಿಕ್ಕಿದೆ. 48 ಕೊಡ್ತಾರಂತೆ. ಒಂದು ತಿಂಗಳು ನೋಟಿಸ್ ಮಾಡಿ ಹೋಗ್ತೀನಿ” ಅನ್ನುತ್ತಾನೆ. ದೇವನಹಳ್ಳಿ ಕಡೆ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳು ಬಂದ ಮೇಲೆ ಪೀಣ್ಯದ ಸೆಟರ್‌ಗಳಿಗೆ ಬೇಡಿಕೆ ಹೆಚ್ಚಾಗಿದೆ ಅನ್ನುವುದು ಮಾಲೀಕರಿಗೂ ಗೊತ್ತು. ಗಾಬರಿಯಲ್ಲಿ ಅಲ್ಲೇ ಹೇಳಿಬಿಡುತ್ತಾರೆ: “ನೋಡಪ್ಪ, ನಾನೇ 50 ಕೊಡ್ತೀನಿ. ಎಲ್ಲಿಗೂ ಹೋಗಬೇಡ.” ನಾಲ್ಕು ದಿನ ಬಿಟ್ಟು ಅವನು ಮತ್ತೆ ಬರುತ್ತಾನೆ. ಈ ಸಲ ಅವನಿಗೇ ಸಂಕೋಚ. “ಅವ್ರು 56 ಅಂತಿದಾರೆ ಸಾರ್. ಜೊತೆಗೆ ಜಾಯಿನಿಂಗ್ ಬೋನಸ್ ಅಂತ 60 ಸಾವಿರ.”

ಮಾಲೀಕರ ಮನಸ್ಸು ಈಗ 58 ಅಥವಾ 60ರ ಕಡೆಗೆ ಓಡುತ್ತದೆ. ಆದರೆ ಇಷ್ಟು ಹೊತ್ತು ಓಡಾಡಿದ ಈ ಅಂಕಿಗಳು ಒಂದೇ ಜಾತಿಯವಲ್ಲ. ಮಾಲೀಕರು 50,000 ಅಂದಾಗ ಅದು ಗ್ರಾಸ್ ಸಂಬಳ, ಅಂದರೆ ಪೇ ಸ್ಲಿಪ್ಪಿನಲ್ಲಿ ಮೇಲೆ ಬರುವ ಮೊತ್ತ. ಪಿಎಫ್‌ಗೆ ಮಾಲೀಕರು ತಮ್ಮ ಪಾಲು ಬೇರೆಯಾಗಿ ಕಟ್ಟುತ್ತಾರೆ. ಹೊಸ ಕಂಪನಿಯವರು ಹೇಳುವುದು ಸಿಟಿಸಿ, ಅಂದರೆ ಆ ನೌಕರನಿಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು. ಅದರಲ್ಲಿ ಕಂಪನಿಯ ಪಿಎಫ್ ಪಾಲು, ಮುಂದೆ ಎಂದೋ ಕೊಡಬೇಕಾದ ಗ್ರಾಚ್ಯುಟಿಗೆ ಎತ್ತಿಡುವ ಮೊತ್ತ, ಆರೋಗ್ಯ ವಿಮೆಯ ಕಂತು ಎಲ್ಲವೂ ಸೇರಿರುತ್ತವೆ. ಆಫರ್ ಲೆಟರಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಇದೇ ಮೊತ್ತ. ಬಿಡಿಸಿದ ಲೆಕ್ಕ ಹಿಂದಿನ ಪುಟದ ಅನೆಕ್ಷರಿನಲ್ಲಿರುತ್ತದೆ, ಅದನ್ನು ಓದುವವರು ಕಡಿಮೆ.

56,000ವನ್ನು ಬಿಡಿಸಿ ನೋಡೋಣ. ಬೇಸಿಕ್ ಅರ್ಧ, 28,000. ಅದರ ಶೇಕಡಾ 12ರಂತೆ ಕಂಪನಿಯ ಪಿಎಫ್ ಪಾಲು 3,360. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಬೇಸಿಕ್‌ನ ಶೇಕಡಾ 4.81 ಎತ್ತಿಡುತ್ತಾರೆ, ಅದು ಸುಮಾರು 1,350. ವಿಮೆಗೆ 500 ಇಟ್ಟುಕೊಳ್ಳೋಣ. ಇವನ್ನು ಕಳೆದರೆ ಗ್ರಾಸ್ ಉಳಿಯುವುದು ಸುಮಾರು 50,800. ಅದರಲ್ಲಿ ಅವನ ಸ್ವಂತ ಪಿಎಫ್ 3,360, ವೃತ್ತಿ ತೆರಿಗೆ 200 ಹೋದರೆ ಕೈಗೆ ಬರುವುದು 47,200ರ ಆಸುಪಾಸು. ಇತ್ತ ಮಾಲೀಕರ 50,000ದಲ್ಲಿ ಅವನ ಪಿಎಫ್ 3,000, ವೃತ್ತಿ ತೆರಿಗೆ 200 ಹೋಗಿ ಕೈಗೆ 46,800. ಆರು ಸಾವಿರದ ಅಂತರ ಅಂತ ಇಬ್ಬರೂ ತಿಳಿದಿದ್ದದ್ದು ನಿಜದಲ್ಲಿ ತಿಂಗಳಿಗೆ ನಾನೂರು ರೂಪಾಯಿ.

ಇದೇ ಲೆಕ್ಕವನ್ನು ಮೊದಲ ಅಂಕಿಗೂ ಹಾಕಿದರೆ ಇನ್ನೊಂದು ಸಂಗತಿ ಹೊರಬರುತ್ತದೆ. ಅಂದಿನ 48,000ದ ಗ್ರಾಸ್ ಸುಮಾರು 43,500. ಅಂದರೆ ಅವನಿಗೆ ನಿಜವಾಗಿ ಸಿಕ್ಕಿದ್ದ ಏರಿಕೆ ಐದೂವರೆ ಸಾವಿರ. ಮಾಲೀಕರು ಅದನ್ನು ಹತ್ತು ಸಾವಿರ ಎಂದುಕೊಂಡು ಹನ್ನೆರಡು ಸಾವಿರ ಏರಿಸಿದರು. 44,000 ಎಂದಿದ್ದರೂ ಸಮ ಆಗುತ್ತಿತ್ತು. ರಾಜೀನಾಮೆಯ ಸುದ್ದಿ ಕೇಳಿದ ಸಂಜೆಯೇ ಅಂಕಿ ಹೇಳಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೆ. “ಎರಡು ದಿನ ಟೈಮ್ ಕೊಡು, ಕೂತು ಮಾತಾಡೋಣ” ಅನ್ನುವುದರಿಂದ ಯಾರೂ ಓಡಿಹೋಗುವುದಿಲ್ಲ. ಆ ಎರಡು ದಿನದಲ್ಲಿ ಅನೆಕ್ಷರ್ ನೋಡಬಹುದು, ಅವನು ತೋರಿಸಲು ಇಷ್ಟಪಟ್ಟರೆ. ಒತ್ತಾಯ ಮಾಡಬಾರದು, ಅದು ಅವನ ಕಾಗದ. “ಸಿಟಿಸಿಯಾ, ಗ್ರಾಸಾ?” ಎಂದು ಕೇಳಿದರೆ ಸಾಕು. ಅವನಿಗೂ ಗೊತ್ತಿಲ್ಲದಿದ್ದರೆ ಕೇಳಿಕೊಂಡು ಬರುತ್ತಾನೆ, ಆ ತಿಳಿವಳಿಕೆ ಅವನಿಗೂ ಬೇಕಾದದ್ದೇ.

ಅಂಕಿಗಳಾಚೆಗೂ ತೂಗಬೇಕಾದವು ಇವೆ. ಪೀಣ್ಯದ ಸುತ್ತ ಮನೆ ಇರುವವನಿಗೆ ಏರೋಸ್ಪೇಸ್ ಪಾರ್ಕ್ ಮೂವತ್ತು ಕಿಲೋಮೀಟರಿಗಿಂತ ದೂರ. ಕಂಪನಿ ಬಸ್ ಇಲ್ಲದಿದ್ದರೆ ಬೈಕಿನ ಪೆಟ್ರೋಲಿಗೇ ತಿಂಗಳಿಗೆ ಮೂರೂವರೆ ಸಾವಿರ ಬೇಕು. ಇಲ್ಲಿ ತಿಂಗಳಿಗೆ ಇಪ್ಪತ್ತು ಗಂಟೆ ಓಟಿ ಮಾಡಿದರೆ ದುಪ್ಪಟ್ಟು ದರದಲ್ಲಿ ಈಗಿನ ಸಂಬಳಕ್ಕೇ ಏಳು ಸಾವಿರದಷ್ಟು ಬರುತ್ತದೆ. ಅಲ್ಲಿ ‘ಎಂಜಿನಿಯರ್’ ಅಥವಾ ‘ಸೂಪರ್‌ವೈಸರ್’ ಅಂತ ಹುದ್ದೆ ಕೊಟ್ಟರೆ ಓಟಿ ಇಲ್ಲದಿರಬಹುದು. ಜಾಯಿನಿಂಗ್ ಬೋನಸ್ಸಿಗೆ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು. ಇದನ್ನೆಲ್ಲ ಮಾಲೀಕರು ಅವನಿಗೆ ಹೇಳಬಹುದು, ಆದರೆ ಹೆದರಿಸುವ ದನಿಯಲ್ಲಿ ಅಲ್ಲ. ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ, ಇಲ್ಲಿ ಕೈಗೆ ಎಷ್ಟು, ಅಲ್ಲಿ ಕೈಗೆ ಎಷ್ಟು ಅಂತ ಬರೆದು ಅವನ ಕೈಗೆ ಕೊಟ್ಟು, “ಮನೇಲಿ ತೋರಿಸು, ತಪ್ಪಿದ್ದರೆ ಹೇಳು” ಅನ್ನಬೇಕು. ಹೊಸ ಕಡೆಯದು ನಿಜವಾಗಿ ಹೆಚ್ಚಿದ್ದರೆ ಹಾಳೆ ಅದನ್ನೇ ತೋರಿಸಲಿ. ಎಂಟು ವರ್ಷ ದುಡಿದವನಿಗೆ ಅಷ್ಟು ಪ್ರಾಮಾಣಿಕತೆ ಸಲ್ಲಬೇಕು.

ಹೊಸ ಕಂಪನಿ ಎರಡನೇ ಸಲ ಹೇಳಿದ್ದು ಬರೀ ಫೋನಿನಲ್ಲೋ, ತಿದ್ದಿದ ಆಫರ್ ಲೆಟರ್ ಬಂದಿದೆಯೋ ಎಂದೂ ಕೇಳಬೇಕು. ಕನ್ಸಲ್ಟೆನ್ಸಿಯವನು ವಾಟ್ಸ್ಆ್ಯಪ್‌ನಲ್ಲಿ “56 ಮಾಡಿಸ್ತೀನಿ” ಎಂದಿದ್ದರೆ ಅದು ಇನ್ನೂ ಆಫರ್ ಅಲ್ಲ. ಕಾಗದ ಬರುವ ತನಕ ಇಲ್ಲಿಯ ರಾಜೀನಾಮೆ ಖಚಿತ ಮಾಡಬೇಡ ಎಂದು ಅವನಿಗೆ ಹೇಳಬೇಕಾದದ್ದು ಹಿರಿಯರಾಗಿ ಮಾಲೀಕರ ಕೆಲಸ, ಅದು ತಮಗೆ ಲಾಭವಲ್ಲದಿದ್ದರೂ.

ಈಗ ಮಾಲೀಕರ ಕಡೆಯ ತಕ್ಕಡಿ. ಅವನಿಗೆ 50,000 ಕೊಟ್ಟರೆ ತಿಂಗಳಿಗೆ ಹನ್ನೆರಡು ಸಾವಿರ, ಅದರ ಮೇಲೆ ಪಿಎಫ್ 720. ವರ್ಷಕ್ಕೆ ಒಂದೂವರೆ ಲಕ್ಷ ದಾಟುತ್ತದೆ. ಇದು ಕಣ್ಣಿಗೆ ಕಾಣುವ ಖರ್ಚು. ಕಾಣದ್ದು ಗ್ರಾಚ್ಯುಟಿಯದು. ಗ್ರಾಚ್ಯುಟಿಯನ್ನು ಕೊನೆಯ ಬೇಸಿಕ್ ಮತ್ತು ಡಿಎ ಮೇಲೆ, ಸಲ್ಲಿಸಿದ ಪ್ರತಿ ವರ್ಷಕ್ಕೆ 26 ದಿನಕ್ಕೆ 15 ದಿನದ ಸಂಬಳದಂತೆ ಕಟ್ಟುತ್ತಾರೆ. ಕೊನೆಯ ಸಂಬಳ ಏರಿದರೆ ಹಿಂದಿನ ಎಂಟು ವರ್ಷಕ್ಕೂ ಸೇರಿ ಏರುತ್ತದೆ. ಬೇಸಿಕ್ 19,000 ಇದ್ದಾಗ ಎಂಟು ವರ್ಷಕ್ಕೆ 87,700. ಬೇಸಿಕ್ 25,000 ಆದ ದಿನವೇ ಅದು 1,15,400 ಆಗುತ್ತದೆ. ಒಂದು ಸಂಜೆಯ ಮಾತಿಗೆ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಹೊಸ ಬಾಧ್ಯತೆ ಹುಟ್ಟಿತು, ಯಾವ ಪುಸ್ತಕದಲ್ಲೂ ಬರೆಯದೆ.

ಮೂರನೆಯದು ಉಳಿದಿಬ್ಬರು ಸೆಟರ್‌ಗಳು. ಇಂಥ ಶಾಪಿನಲ್ಲಿ ಸಂಬಳದ ಸುದ್ದಿ ಚಹಾ ಹೊತ್ತಿನಲ್ಲೇ ಹರಡುತ್ತದೆ, ಗುಟ್ಟಾಗಿಡಬಹುದು ಎಂದು ನಂಬಿದ ಮಾಲೀಕರನ್ನು ನಾನು ಕಂಡಿಲ್ಲ. ಇಬ್ಬರಿಗೂ ಐದೈದು ಸಾವಿರ ಏರಿಸಬೇಕಾದರೆ ಪಿಎಫ್ ಸೇರಿ ವರ್ಷಕ್ಕೆ 1,27,000. ಒಟ್ಟು ಮೊದಲ ವರ್ಷವೇ ಮೂರು ಲಕ್ಷ.

ಅವನು ಹೋದರೆ ಎಷ್ಟು ನಷ್ಟ? ಮಷಿನ್ ಗಂಟೆಗೆ 500 ರೂಪಾಯಿ ಎಂದಿಟ್ಟುಕೊಂಡು, ಹೊಸಬ ಹಿಡಿತ ಸಾಧಿಸುವ ತನಕ ಮೂರೂ ಮಷಿನ್ ದಿನಕ್ಕೆ ಎರಡೆರಡು ಗಂಟೆ ಹೆಚ್ಚಾಗಿ ನಿಂತರೆ, ಐವತ್ತು ಕೆಲಸದ ದಿನಕ್ಕೆ ಒಂದೂವರೆ ಲಕ್ಷ. ರಿಜೆಕ್ಷನ್‌ಗೆ ನಲವತ್ತು ಸಾವಿರ. ಅವನ ಜಾಗಕ್ಕೆ ಬರುವವನು ಪೇಟೆ ದರದಂತೆ 44,000 ಕೇಳುತ್ತಾನೆ, ಆ ಹೆಚ್ಚುವರಿ ವರ್ಷಕ್ಕೆ 72,000. ಒಟ್ಟು ಎರಡು ಲಕ್ಷದ ಅರವತ್ತು ಸಾವಿರದ ಹತ್ತಿರ. ಎರಡೂ ತಟ್ಟೆ ಹೆಚ್ಚುಕಡಿಮೆ ಸಮ. ಹಾಗಾಗಿ ಮಾಲೀಕರ ಮೊದಲ ಅಂಕಿಯನ್ನು ದುಡುಕು ಎನ್ನಬಹುದೇ ಹೊರತು ದಡ್ಡತನ ಎನ್ನಲಾರೆ. ಆದರೆ ನಾಲ್ಕನೇ ಅಂಕಿ 58,000 ಎಂದರೆ ಅದರ ಮೇಲೆ ಇನ್ನೊಂದು ಲಕ್ಷ ವರ್ಷವರ್ಷವೂ ಸೇರುತ್ತದೆ, ಗ್ರಾಚ್ಯುಟಿಗೆ ಮತ್ತೆ ಹದಿನೆಂಟು ಸಾವಿರ. ಹೋಗುವ ನಷ್ಟದ ಬಹುಪಾಲು ಒಂದೇ ಸಲದ್ದು. ಉಳಿಸಿಕೊಳ್ಳುವ ಖರ್ಚು ಪ್ರತಿ ವರ್ಷದ್ದು. ತಕ್ಕಡಿ ವಾಲುವುದು ಈ ಎರಡನೇ ಸುತ್ತಿನಲ್ಲಿ.

ನಿಮ್ಮ ಶಾಪಿನ ಅಂಕಿಗಳು ಬೇರೆ ಇರುತ್ತವೆ. ಒಬ್ಬನೇ ಸೆಟರ್ ಇದ್ದು, ಅವನ ಹಿಂದೆ ಕಲಿತವರು ಯಾರೂ ಇಲ್ಲದಿದ್ದರೆ ಮಷಿನ್ ನಿಲ್ಲುವ ಗಂಟೆಗಳು ನಾಲ್ಕುಪಟ್ಟಾಗಬಹುದು, ಗ್ರಾಹಕರು ಆರ್ಡರನ್ನೇ ಬೇರೆಡೆ ಕೊಡಬಹುದು. ಆಗಲೂ ಸಂಬಳ ಇನ್ನೂ ಏರಿಸುವುದಕ್ಕಿಂತ ಒಂದು ತಾರೀಖಿಗೆ ಕಟ್ಟಿದ ಪ್ರತ್ಯೇಕ ಮೊತ್ತ ಮೇಲು. “ಈ ಆಡಿಟ್ ಮುಗಿಯುವ ತನಕ, ಅಂದರೆ ನಾಲ್ಕು ತಿಂಗಳು ಇದ್ದು ಇಬ್ಬರನ್ನು ತಯಾರು ಮಾಡು, ಕೊನೆಗೆ ಇಷ್ಟು ಕೊಡುತ್ತೇನೆ” ಎಂದು ಪತ್ರದಲ್ಲಿ ಬರೆದುಕೊಡುವುದು. ಅದು ಬೇಸಿಕ್‌ಗೆ ಸೇರುವುದಿಲ್ಲ, ಗ್ರಾಚ್ಯುಟಿಯ ಬಾಲ ಬೆಳೆಯುವುದಿಲ್ಲ, ಉಳಿದವರಿಗೂ ಕಾರಣ ಅರ್ಥವಾಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಮೊದಲ ದಿನವೇ ಕೇಳಿದ್ದರೆ ಚೆನ್ನಿತ್ತು. ಅವನು ಯಾಕೆ ಹೋಗುತ್ತಿದ್ದಾನೆ? “ಯಾಕೆ” ಎಂದು ನೇರವಾಗಿ ಕೇಳಿದರೆ “ಸಂಬಳ ಸಾರ್” ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಅದು ಯಾರನ್ನೂ ನೋಯಿಸದ ಉತ್ತರ. ನಾನು ಸೂಚಿಸುವುದು ಬೇರೆ ಎರಡು ಪ್ರಶ್ನೆ. ಒಂದು, “ಬೇರೆ ಕಡೆ ನೋಡಬೇಕು ಅಂತ ಮೊದಲು ಅನ್ನಿಸಿದ್ದು ಯಾವಾಗ?” ಉತ್ತರದಲ್ಲಿ ಸಾಮಾನ್ಯವಾಗಿ ಒಂದು ಘಟನೆ ಸಿಗುತ್ತದೆ: ಡಿಪ್ಲೊಮಾ ಮುಗಿಸಿ ಬಂದ ಹೊಸ ಹುಡುಗನಿಗೆ ತನ್ನ ಹತ್ತಿರದ ಸಂಬಳ ಕೊಟ್ಟದ್ದು, ಗ್ರಾಹಕರ ಮುಂದೆ ರಿಜೆಕ್ಷನ್ನಿಗೆ ಬೈದದ್ದು, ಇನ್‌ಚಾರ್ಜ್ ಮಾಡುತ್ತೇನೆ ಎಂದು ಹೇಳಿ ಮರೆತದ್ದು. ಇನ್ನೊಂದು, “ಎರಡೂ ಕಡೆ ಕೈಗೆ ಬರೋದು ಒಂದೇ ಆದರೆ ಎಲ್ಲಿರ್ತೀಯ?” ಈ ಪ್ರಶ್ನೆಗೆ ಬರುವ ಉತ್ತರಕ್ಕಿಂತ ಉತ್ತರಕ್ಕೆ ಮುಂಚಿನ ತಡವರಿಕೆ ಹೆಚ್ಚು ಹೇಳುತ್ತದೆ.

ನಮ್ಮ ಉದಾಹರಣೆಯ ಸೆಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ಫೈವ್ ಆಕ್ಸಿಸ್ ಇದೆ ಸಾರ್. ಇಲ್ಲಿ ಅದು ಬರಲ್ಲ ಅಲ್ವಾ?” ಅನ್ನುತ್ತಾನೆ. ಮೂರು ಅಕ್ಷದ ಮಷಿನ್ ಮೇಲೆ ಎಂಟು ವರ್ಷ ಕೆಲಸ ಮಾಡಿದವನಿಗೆ ಐದು ಅಕ್ಷದ ಮಷಿನ್ ಕಲಿಯುವುದು ಮುಂದಿನ ಹದಿನೈದು ವರ್ಷದ ಅನ್ನ. ಈ ಮಾಲೀಕರು ಹತ್ತಿರದ ದಿನಗಳಲ್ಲಿ ಅಂಥ ಮಷಿನ್ ತರುವವರಲ್ಲ. ಇಲ್ಲಿಗೆ ವಿಷಯ ಇತ್ಯರ್ಥ. 60,000 ಕೊಟ್ಟರೆ ಅವನು ಆರು ತಿಂಗಳು ಇರುತ್ತಾನೆ, ಆಮೇಲೆ ಇನ್ನೊಂದು ಫೈವ್ ಆಕ್ಸಿಸ್ ಶಾಪಿನಿಂದ ಫೋನ್ ಬರುತ್ತದೆ. ಸಂಬಳವೇ ಕಾರಣವಾಗಿದ್ದು, ಪೇಟೆ ದರಕ್ಕಿಂತ ನಾವು ನಿಜವಾಗಿ ಕಡಿಮೆ ಕೊಡುತ್ತಿದ್ದರೆ ಮಾತ್ರ ಹಣದ ಉತ್ತರಕ್ಕೆ ಅರ್ಥವಿದೆ.

ಈ ಹಂತದಲ್ಲಿ ಕೆಲವರು ಹಿಡಿಯುವ ಒಂದು ದಾರಿಯ ಬಗ್ಗೆ ಹೇಳಲೇಬೇಕು. ಹೊಸ ಕಂಪನಿಯ ಮಾಲೀಕರ ಪರಿಚಯವಿದ್ದರೆ ಫೋನ್ ಮಾಡಿ, “ನಮ್ಮ ಹುಡುಗನ್ನ ಯಾಕೆ ಸಾರ್ ಎಳೀತೀರ, ನಿಮ್ಮವರನ್ನ ನಾನೂ ಮುಟ್ಟಲ್ಲ” ಎಂದು ಒಪ್ಪಂದಕ್ಕೆ ಬರುವುದು. ಇದು ನ್ಯಾಯವಲ್ಲ. ಅಮೆರಿಕದಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಇದನ್ನು ಮಾಡಿ ಸಿಕ್ಕಿಬಿದ್ದವು. 2010ರಲ್ಲಿ ಅಲ್ಲಿಯ ನ್ಯಾಯ ಇಲಾಖೆ ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿ, ಇಂಟ್ಯೂಟ್, ಪಿಕ್ಸಾರ್‌ಗಳ ಮೇಲೆ, ಅದೇ ವರ್ಷದ ಕೊನೆಗೆ ಲ್ಯೂಕಾಸ್‌ಫಿಲ್ಮ್ ಮೇಲೆ ಮೊಕದ್ದಮೆ ಹೂಡಿತು. ಒಬ್ಬರ ನೌಕರರನ್ನು ಇನ್ನೊಬ್ಬರು ತಾವಾಗಿ ಸಂಪರ್ಕಿಸಬಾರದು ಎಂದು ಅವರು ಪರಸ್ಪರ ಮಾತಾಡಿಕೊಂಡಿದ್ದರು. ಲ್ಯೂಕಾಸ್‌ಫಿಲ್ಮ್ ಮತ್ತು ಪಿಕ್ಸಾರ್ ನಡುವಿನ ಒಪ್ಪಂದದಲ್ಲಿ ಇನ್ನೂ ಒಂದು ಅಂಶವಿತ್ತು: ಒಬ್ಬರ ನೌಕರನಿಗೆ ಇನ್ನೊಬ್ಬರು ಆಫರ್ ಕೊಟ್ಟರೆ ತಿಳಿಸಬೇಕು, ಮತ್ತು ಮೊದಲ ಆಫರಿಗಿಂತ ಮೇಲೆ ಏರಿಸಬಾರದು. ಅಂದರೆ ನಾವು ಮಾತಾಡುತ್ತಿರುವ ಈ ಮೂರನೇ ಅಂಕಿಯನ್ನೇ ಅವರು ನಿಷೇಧಿಸಿದ್ದರು. ಅದರಿಂದ ಕೈ ಬರಿದಾದದ್ದು ಆನಿಮೇಟರ್‌ಗಳದ್ದು, ಎಂಜಿನಿಯರ್‌ಗಳದ್ದು. ಆಮೇಲೆ ನೌಕರರೇ ಹೂಡಿದ ದಾವೆಯಲ್ಲಿ ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿ ನಾಲ್ಕೂ ಸೇರಿ 415 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡವು, 2015ರಲ್ಲಿ ನ್ಯಾಯಾಲಯ ಅದಕ್ಕೆ ಒಪ್ಪಿಗೆ ಕೊಟ್ಟಿತು. ಪೀಣ್ಯದ ಸೆಟರ್ ದಾವೆ ಹೂಡಲಿಕ್ಕಿಲ್ಲ. ಆದರೆ ಮಾಲೀಕರು ಫೋನ್ ಮಾಡಿದ್ದು ಅವನಿಗೆ ತಿಳಿಯದೆ ಇರುವುದಿಲ್ಲ, ಅವನ ಮೂಲಕ ಉಳಿದವರಿಗೂ.

ಹೆದರಿಸುವ ಇನ್ನೊಂದು ದಾರಿ ಕಾನೂನಿನದು: ನೇಮಕ ಪತ್ರದಲ್ಲಿ ಸಹಿ ಮಾಡಿದ್ದೀಯ, ಎರಡು ವರ್ಷ ಇದೇ ಲೈನಿನ ಬೇರೆ ಶಾಪಿಗೆ ಹೋಗುವಂತಿಲ್ಲ ಎನ್ನುವುದು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನಂತೆ ಕೆಲಸ ಬಿಟ್ಟ ಮೇಲೆ ಅನ್ವಯವಾಗುವ ಇಂಥ ನಿರ್ಬಂಧ ಊರ್ಜಿತವಲ್ಲ. ಕೆಲಸದಲ್ಲಿರುವ ಅವಧಿಗೆ ಕಟ್ಟಿದ ನ್ಯಾಯವಾದ ಬಾಂಡ್ ಬೇರೆ ಮಾತು. ಅದನ್ನು ಸುಪ್ರೀಂ ಕೋರ್ಟ್ 2025ರಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಅಂಥ ಬಾಂಡ್ ಇಲ್ಲದ ಕಡೆ ಅದರ ಹೆಸರೆತ್ತುವುದು, ಸೇರುವಾಗ ಇಸಿದುಕೊಂಡ ಮಾರ್ಕ್ಸ್ ಕಾರ್ಡ್ ಕೊಡದೆ ಸತಾಯಿಸುವುದು, ರಿಲೀವಿಂಗ್ ಲೆಟರ್ ತಡೆಹಿಡಿಯುವುದು, ಇವೆಲ್ಲ ಎಂಟು ವರ್ಷದ ಸಂಬಂಧವನ್ನು ಒಂದು ತಿಂಗಳಲ್ಲಿ ಸುಡುತ್ತವೆ.

ಹಾಗಾದರೆ 56ರ ಸುದ್ದಿ ತಂದವನಿಗೆ ಕೊಡಬೇಕಾದ ಉತ್ತರ ಏನು? ನನ್ನ ಮಟ್ಟಿಗೆ ಅದು ಚಿಕ್ಕದು. “50 ಅಂತ ಹೇಳಿದೀನಿ, ಆ ಮಾತು ಶನಿವಾರದವರೆಗೂ ಹಾಗೇ ಇರುತ್ತೆ, ಪತ್ರದಲ್ಲೂ ಬರೆದುಕೊಡ್ತೀನಿ. ಅದಕ್ಕಿಂತ ಮೇಲೆ ಹೋಗಲ್ಲ. ನೀನು ಹೋಗೋದೇ ಆದರೆ ನನಗೆ ಬೇಸರ ಇಲ್ಲ, ಆದರೆ ಒಂದು ಸಹಾಯ ಬೇಕು.” ಒಮ್ಮೆ ಕೊಟ್ಟ ಮಾತನ್ನು, ಅದು ಹೆಚ್ಚಾಯಿತು ಎಂದು ಆಮೇಲೆ ಗೊತ್ತಾದರೂ, ಹಿಂದಕ್ಕೆ ಪಡೆಯಬಾರದು. ಗಡುವು ಇರಬೇಕು, ಇಲ್ಲದಿದ್ದರೆ ಐದನೇ ಅಂಕಿಯೂ ಬರುತ್ತದೆ. ಅವನು ಉಳಿದರೆ ಮುಂದಿನ ತಿಂಗಳ ಸಂಬಳದಿಂದಲೇ ಕೊಡಬೇಕು, ದೀಪಾವಳಿಗೆ ನೋಡೋಣ ಎನ್ನಬಾರದು. ಮತ್ತು ಹೊಸ ಕಂಪನಿಯ ಆಫರಿಗೆ ಅವನು ಒಪ್ಪಿಗೆ ಕೊಟ್ಟಿದ್ದರೆ ಅಂದೇ ಅವರಿಗೆ ತಿಳಿಸುವಂತೆ ಹೇಳಬೇಕು, ಅವರೂ ಒಬ್ಬ ಸೆಟರಿಗಾಗಿ ಮಷಿನ್ ಖಾಲಿ ಬಿಟ್ಟುಕೊಂಡು ಕಾಯುತ್ತಿರುತ್ತಾರೆ.

ಆ ‘ಒಂದು ಸಹಾಯ’ ಅಂದರೆ ತಾರೀಖು. ಎರಡನೇ ಸುತ್ತಿನಲ್ಲಿ ಹಣದ ಬದಲು ದಿನ ಕೇಳುವುದು ಮಾಲೀಕರಿಗೆ ಉಳಿದಿರುವ ಒಳ್ಳೆಯ ಚೌಕಾಸಿ. ಒಬ್ಬನಿಗಾಗಿ ಎಂಟು ಸಾವಿರ ಏರಿಸಿ, ಮೇಲೆ ಅರವತ್ತು ಸಾವಿರ ಬೋನಸ್ ಕೊಡಲು ಸಿದ್ಧವಿರುವ ಕಂಪನಿ ಹದಿನೈದು ದಿನ ಕಾಯಲು ಒಪ್ಪುವ ಸಂಭವ ಹೆಚ್ಚು. ಅವರನ್ನು ಕೇಳಬೇಕಾದವನು ಸೆಟರ್, ಮಾಲೀಕರಲ್ಲ. ಮೂವತ್ತು ದಿನದ ನೋಟಿಸ್ ನಲವತ್ತೈದಾದರೆ ಶಾಪ್ ಬದುಕಿಕೊಳ್ಳುತ್ತದೆ.

ಆ ನಲವತ್ತೈದು ದಿನದಲ್ಲಿ ಮಾಡಬೇಕಾದ ಕೆಲಸ ಸಾಕಷ್ಟಿದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸೆಟರ್ ಜೊತೆಗೆ ಹೋಗುವುದು ಅವನ ಎರಡು ಕೈಯಲ್ಲ, ತಲೆಯಲ್ಲಿರುವ ವಿವರ. ಯಾವ ಜಾಬಿಗೆ ಯಾವ ಫಿಕ್ಸ್ಚರ್, ಅದು ಯಾವ ರ‍್ಯಾಕಿನಲ್ಲಿದೆ, ಯಾವ ಟೂಲ್ ಎಷ್ಟು ಪೀಸಿಗೆ ಸವೆಯುತ್ತದೆ, ಬೆಳಗಿನ ತಣ್ಣನೆ ಮಷಿನ್ನಿನಲ್ಲಿ ಯಾವ ಬೋರ್ ಎಷ್ಟು ಮೈಕ್ರಾನ್ ಚಿಕ್ಕದಾಗಿ ಬರುತ್ತದೆ, ಯಾವ ಗ್ರಾಹಕರ ಇನ್‌ಸ್ಪೆಕ್ಟರ್ ಯಾವ ಅಳತೆಯನ್ನು ಮೊದಲು ಹಿಡಿಯುತ್ತಾರೆ. ಪ್ರೋಗ್ರಾಮುಗಳು ಮಷಿನ್ನಿನ ಮೆಮೊರಿಯಲ್ಲೋ ಅವನ ಪೆನ್‌ಡ್ರೈವಿನಲ್ಲೋ ಇರುತ್ತವೆ, ಅವನ್ನು ಮೊದಲ ದಿನವೇ ಶಾಪಿನ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅಲ್ಲಿರುವುದೇ ಕೊನೆಯ ತಿದ್ದುಪಡಿಯ ಪ್ರೋಗ್ರಾಂ ಎಂದು ಅವನ ಬಾಯಲ್ಲಿ ಖಚಿತಪಡಿಸಿಕೊಳ್ಳಬೇಕು. ಹಳೆಯ ಆವೃತ್ತಿ ಓಡಿಸಿ ಟೂಲ್ ಡಿಕ್ಕಿ ಹೊಡೆಸಿಕೊಂಡ ಶಾಪುಗಳಿಗೆ ಸ್ಪಿಂಡಲ್ ದುರಸ್ತಿಯ ಖರ್ಚು ಗೊತ್ತು.

ಎಲ್ಲ ಜಾಬುಗಳನ್ನೂ ಹಸ್ತಾಂತರಿಸಲು ಹೊರಟರೆ ಯಾವುದೂ ಮುಗಿಯುವುದಿಲ್ಲ. ಕಳೆದ ವರ್ಷದ ಇನ್ವಾಯ್ಸ್ ತೆಗೆದು, ಪ್ರತಿ ತಿಂಗಳು ಮರಳಿ ಬರುವ ಹದಿನೈದು ಇಪ್ಪತ್ತು ಪಾರ್ಟ್ ಆರಿಸಬೇಕು. ಪ್ರತಿಯೊಂದಕ್ಕೂ ಸೆಟಿಂಗ್ ಶೀಟ್: ಫಿಕ್ಸ್ಚರಿನ ಫೋಟೊ, ಟೂಲ್ ಪಟ್ಟಿ, ಶೂನ್ಯ ಬಿಂದು ಎಲ್ಲಿಂದ, ಎಚ್ಚರದ ಅಳತೆ ಯಾವುದು. ಆದರೆ ಶೀಟ್ ಬರೆಯುವುದಕ್ಕಿಂತ ಮುಖ್ಯವಾದದ್ದು ಬೇರೆಯವನಿಂದ ಸೆಟಿಂಗ್ ಮಾಡಿಸುವುದು. 33,000ದ ಸೆಟರ್ ಕೈಹಾಕಲಿ, ಹೋಗುವವನು ಪಕ್ಕದಲ್ಲಿ ಕೈಕಟ್ಟಿ ನಿಲ್ಲಲಿ. ಮೊದಲ ಪೀಸ್ ಅಳತೆಗೆ ಬಂತೋ ಇಲ್ಲವೋ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಬೇಕು. ಮೊದಲ ವಾರ ನಾಲ್ಕು ಗಂಟೆ ಹಿಡಿದ ಸೆಟಿಂಗ್ ನಾಲ್ಕನೇ ವಾರ ಎರಡೂವರೆಗೆ ಇಳಿದಿದ್ದರೆ ಹಸ್ತಾಂತರ ನಡೆಯುತ್ತಿದೆ. ಇಳಿಯದಿದ್ದರೆ ಹೋಗುವವನು ತಾನೇ ಕೈಹಾಕಿ ಮುಗಿಸುತ್ತಿದ್ದಾನೆ ಎಂದೇ ಅರ್ಥ. ಡೆಲಿವರಿಯ ಒತ್ತಡದಲ್ಲಿ ಮಾಲೀಕರೇ “ಇವತ್ತೊಂದು ದಿನ ನೀನೇ ಮಾಡಿಬಿಡು” ಅನ್ನುತ್ತಾರೆ, ಹಾಗೆ ಅನ್ನುತ್ತ ನಲವತ್ತೈದು ದಿನವೂ ಕಳೆದುಹೋಗುತ್ತವೆ. ಅದೊಂದು ಮಾತನ್ನು ಬಾಯಿಗೆ ಬಾರದಂತೆ ತಡೆದುಕೊಳ್ಳುವುದೇ ಈ ದಿನಗಳಲ್ಲಿ ಮಾಲೀಕರ ಅತಿ ಕಷ್ಟದ ಕೆಲಸ.

ಕೊನೆಯ ದಿನದ ಲೆಕ್ಕವನ್ನು ಚೊಕ್ಕಟವಾಗಿ ಮುಗಿಸಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ ರಾಜೀನಾಮೆ ಕೊಟ್ಟು ಹೋದವರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಸಂದಾಯವಾಗಬೇಕು. ಗ್ರಾಚ್ಯುಟಿಗೆ ಮೂವತ್ತು ದಿನ. ಪಿಎಫ್ ಪೋರ್ಟಲಿನಲ್ಲಿ ಅವನ ನಿರ್ಗಮನ ದಿನಾಂಕ ನಮೂದಿಸುವುದು ಮರೆಯಬಾರದು, ಅದಿಲ್ಲದೆ ಹಳೆಯ ಖಾತೆಯ ಹಣ ಹೊಸ ಖಾತೆಗೆ ಹೋಗಲು ತೊಡಕಾಗುತ್ತದೆ. ಇಂಥ ಸಣ್ಣ ಕೆಲಸಕ್ಕೆ ಹಳೆಯ ನೌಕರ ಹತ್ತು ಸಲ ಫೋನ್ ಮಾಡುವಂತಾದರೆ, ಹನ್ನೊಂದನೇ ಸಲ ನಮಗೆ ಅವನ ಸಲಹೆ ಬೇಕಾದಾಗ ಅವನು ಫೋನ್ ಎತ್ತುವುದಿಲ್ಲ.

ಇನ್ನು ಉಳಿದಿಬ್ಬರು. ಮುಖ್ಯ ಸೆಟರ್ ಹೋಗುವುದನ್ನು, ಅವನಿಗೆ ಎಷ್ಟು ಆಫರ್ ಬಂತು ಎಂಬುದನ್ನು ಅವರು ನೋಡಿದ್ದಾರೆ. ಹೊಸ ಕಂಪನಿಯ ಕನ್ಸಲ್ಟೆನ್ಸಿಯ ನಂಬರ್ ಈಗ ಅವರ ಫೋನಿನಲ್ಲೂ ಇದೆ. ಅವರು ಒಳಗೆ ಬಂದು “ಸಾರ್” ಎನ್ನುವ ತನಕ ಕಾದರೆ ಇದೇ ಲೆಕ್ಕ ಮತ್ತೆ ಮೊದಲಿನಿಂದ. ನಾಲ್ಕನೇ ಅಂಕಿ ಹೇಳದೆ ಉಳಿದ ಹಣ ಇಲ್ಲಿಗೆ ಬರಬೇಕು. ಇಬ್ಬರನ್ನೂ ಬೇರೆಬೇರೆಯಾಗಿ ಕರೆದು, ಮುಖ್ಯ ಸೆಟರ್ ಇನ್ನೂ ನೋಟಿಸಿನಲ್ಲಿರುವಾಗಲೇ, ಐದೈದು ಸಾವಿರ ಏರಿಸಿದ ಪತ್ರ ಕೊಡಬೇಕು. 33,000ದವನಿಗೆ 38,000, ಜೊತೆಗೆ ಮುಖ್ಯ ಸೆಟರ್‌ನ ಹೊಣೆ, ಆರು ತಿಂಗಳ ಬಳಿಕ ಮತ್ತೆ ಕೂತು ನೋಡುವ ತಾರೀಖು. 31,000ದವನಿಗೆ 36,000. ಮತ್ತು ಇಬ್ಬರಲ್ಲಿ ಒಬ್ಬನನ್ನು ರಾಜಾಜಿನಗರದ ಜಿಟಿಟಿಸಿಯಂಥ ತರಬೇತಿ ಕೇಂದ್ರಕ್ಕೆ ಶಾಪಿನ ಖರ್ಚಿನಲ್ಲೇ ಪ್ರೋಗ್ರಾಮಿಂಗ್ ಕಲಿಯಲು ಕಳಿಸಬೇಕು. ಯಾರನ್ನು ಕಳಿಸಬೇಕು ಎಂಬುದನ್ನು ಹೋಗುತ್ತಿರುವವನನ್ನೇ ಕೇಳಬಹುದು, ಅವರಿಬ್ಬರ ಕೈ ಅವನಿಗೆ ಗೊತ್ತಿರುವಷ್ಟು ಮಾಲೀಕರಿಗೆ ಗೊತ್ತಿಲ್ಲ.